ಒಂದು ಗುರುತು ಸಾಕಾಗಿತ್ತು

ಅವಳ ಮೇಜು ಕೋರ್ಟಿನ ಕೆಳಮಹಡಿಯಲ್ಲಿ, ಮೆಟ್ಟಿಲಿನ ಅಡಿಯಲ್ಲಿತ್ತು. ನಾನು ಕೆಲಸ ಮಾಡುವ ಗ್ರಂಥಾಲಯ ಅದೇ ಮೆಟ್ಟಿಲಿನ ತುದಿಯಲ್ಲಿ. ಮೂವತ್ತೈದು ವರ್ಷ ನಾವಿಬ್ಬರೂ ಹೀಗೆಯೇ ಒಬ್ಬರ ತಲೆಯ ಮೇಲೆ ಒಬ್ಬರು ಕೂತು ದುಡಿದೆವು. ಮೊದಲ ಇಪ್ಪತ್ತೈದು ವರ್ಷ ಅವಳು ಟೈಪಿಸ್ಟ್. ನಿವೃತ್ತಿಯ ಮೇಲೆ ಕಾನೂನು ನೆರವು ಕಚೇರಿಯಲ್ಲಿ ಸ್ವಯಂಸೇವಕಿ. ವಕೀಲರನ್ನು ಇಟ್ಟುಕೊಳ್ಳಲು ಕೈಲಾಗದವರು ಬಂದರೆ ಅವರ ಕಥೆ ಕೇಳಿ, ಅರ್ಜಿ ತುಂಬಿ, ಯಾವ ಬಾಗಿಲಿಗೆ ಹೋಗಬೇಕೆಂದು ತೋರಿಸುವುದು ಅವಳ ಕೆಲಸ. ಸೀರೆಯ ಸೆರಗಿಗೆ ಸದಾ ನಾಲ್ಕಾರು ಗುಂಡುಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದಳು. ಅದಕ್ಕೇ ವಕೀಲರ ಗುಮಾಸ್ತರೆಲ್ಲ ಅವಳನ್ನು ಗುಂಡುಪಿನ್ನಕ್ಕ ಎಂದು ಕರೆಯುತ್ತಿದ್ದರು. “ಹರಿದಿದ್ದನ್ನ ಸೇರಿಸ್ತೀನಿ, ಹತ್ರ ಬಂದೋರಿಗೆ ಚುಚ್ತೀನಿ, ಹೆಸರು ಸರಿಯಾಗೇ ಇದೆ ಬಿಡು” ಎನ್ನುತ್ತಿದ್ದಳು.

ಅವಳು ಹೋಗಿ ಇಂದಿಗೆ ನಲವತ್ತು ದಿನವಾಯಿತು. ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಇನ್ನೂ ಒಮ್ಮೆ ಬಗ್ಗಿ ನೋಡುತ್ತೇನೆ. ಅವಳು ಒಳ್ಳೆಯವಳಿದ್ದಳೆಂದು ಎಲ್ಲರೂ ಹೇಳುತ್ತಿದ್ದಾರೆ. ಇದ್ದಳು. ಆದರೆ ಕೊನೆಯ ನಾಲ್ಕು ವರ್ಷ ಅವಳು ಹೊತ್ತು ತಿರುಗಿದ್ದು ಒಳ್ಳೆಯತನವನ್ನಲ್ಲ, ಒಂದು ತಪ್ಪನ್ನು. ಅದನ್ನು ಬಿಟ್ಟು ಅವಳ ಬಗ್ಗೆ ಬರೆದರೆ ಅವಳೇ ಎದ್ದು ಬಂದು ಕಾಗದ ಕಿತ್ತುಕೊಂಡಾಳು.

ಆ ಹೆಂಗಸು ಬಂದದ್ದು ಒಂದು ಸೋಮವಾರ. ಊರಾಚೆಯ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದವಳು. ನಾವು ಆಮೇಲೆ ಅವಳನ್ನು ಮಗ್ಗದಮ್ಮ ಎಂದೇ ಕರೆದೆವು. ಒಬ್ಬಳೇ ಮಗಳು ಜ್ವರ ಬಂದು ಹತ್ತೇ ದಿನದಲ್ಲಿ ತೀರಿಕೊಂಡಿದ್ದಳು. ಆರು ವರ್ಷದ ಮೊಮ್ಮಗಳು ಅಪ್ಪನ ಹತ್ತಿರ. ಅಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೇರೆ ಮದುವೆಯ ಮಾತು ನಡೆದಿತ್ತು, ಅತ್ತೆ ಬಾಗಿಲಿಗೆ ಬರುವುದು ಹೊಸ ಸಂಬಂಧದವರಿಗೆ ಹಿಡಿಸಿರಲಿಲ್ಲ.

ನಾನು ಅಂದು ಮಧ್ಯಾಹ್ನದ ಟೀಗೆ ಕೆಳಗಿಳಿದಿದ್ದೆ. ಮಗ್ಗದಮ್ಮನ ದನಿ ಮೆಟ್ಟಿಲ ತುದಿಗೇ ಕೇಳುತ್ತಿತ್ತು.

“ಮಗೂನ ಕಿತ್ಕೊಳ್ಳಕ್ಕೆ ಬಂದಿಲ್ಲ ಮೇಡಮ್! ಅಪ್ಪನ ಹತ್ರಾನೇ ಇರ್ಲಿ. ತಿಂಗಳಿಗೆ ಒಂದ್ಸಲ, ಒಂದೇ ಒಂದ್ಸಲ ನನ್ನೆದುರಿಗೆ ಕೂತ್ರೆ ಸಾಕು. ಅದ್ರ ಬಾಯಿ ನನ್ನ ಮಗಳ ಬಾಯಿ. ಅಚ್ಚು ಹೊಯ್ದಂಗೆ. ಅದು ಮಾತಾಡ್ತಿದ್ರೆ ಅವ್ಳು ಇನ್ನೂ ಇದಾಳೆ ಅನ್ಸತ್ತೆ.”

“ಮೆಲ್ಲಗಮ್ಮಾ, ಮೇಲಿರೋ ಜಡ್ಜು ತೀರ್ಪು ಬರೆಯೋದು ಬಿಟ್ಟು ಕೆಳಗೆ ಬಂದ್ಬಿಡ್ತಾರೆ” ಎಂದು ನಗಿಸಿ, ಇವಳು ಅರ್ಜಿ ಎಳೆದುಕೊಂಡಳು.

“ವಕೀಲರಿಗೆ ಎಷ್ಟಾಗತ್ತೆ?”

“ಏನೂ ಆಗಲ್ಲ. ವಕೀಲರನ್ನ ಕಚೇರಿನೇ ಕೊಡತ್ತೆ. ಕೋರ್ಟ್ ಫೀಸು, ಟೈಪಿಂಗು, ನೋಟಿಸು, ಯಾವ್ದಕ್ಕೂ ನೀವು ಕೈಯಿಂದ ಹಾಕ್ಬೇಕಿಲ್ಲ. ಯಾರಾದ್ರೂ ಕೇಳಿದ್ರೆ ಸೀದಾ ನನ್ನ ಹತ್ರ ಬನ್ನಿ, ಪಿನ್ನು ತಗೊಂಡು ಬರ್ತೀನಿ.”

“ನಂಗೆ ಯಾಕೆ ಕೊಡ್ತಾರೆ ಪುಕ್ಕಟೆ?”

“ಹೆಂಗಸು ಅಂತ. ಆದಾಯ ಎಷ್ಟು ಅಂತಾನೂ ಕೇಳಲ್ಲ. ಅದು ದಾನ ಅಲ್ಲಮ್ಮ, ಹಕ್ಕು.”

ಆ ಅರ್ಜಿಯಲ್ಲಿ ಅರ್ಹತೆಯ ಪಟ್ಟಿ ಉದ್ದಕ್ಕಿದೆ. ಮಹಿಳೆ, ಮಗು, ಪರಿಶಿಷ್ಟ ಜಾತಿ ಅಥವಾ ಪಂಗಡ, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಬಂಧನದಲ್ಲಿರುವವರು, ಆದಾಯ ಇಷ್ಟರ ಒಳಗಿರುವವರು. ಅಷ್ಟರಲ್ಲಿ ಯಾವುದಾದರೂ ಒಂದಕ್ಕೆ ಗುರುತು ಬಿದ್ದರೆ ಸಾಕು, ನೆರವು ಸಿಗುತ್ತದೆ. ಇವಳು ‘ಮಹಿಳೆ’ ಎಂಬಲ್ಲಿ ಗುರುತು ಹಾಕಿ ಹಾಳೆ ತಿರುಗಿಸಿದಳು. ಉಳಿದದ್ದನ್ನು ಕೇಳಲಿಲ್ಲ. ಯಾಕೆ ಕೇಳಬೇಕು? ಬಾಗಿಲು ತೆರೆದಾಗಿತ್ತು. ಬಡವರನ್ನು ನಿಲ್ಲಿಸಿಕೊಂಡು ನಿಮಗೆ ಅದಿದೆಯಾ, ಇದಿದೆಯಾ ಎಂದು ಕೆದಕುವುದು ಅವಳಿಗೆ ಆಗದ ಮಾತು. ಬೇಗ ಮುಗಿಸುವುದೇ ಮರ್ಯಾದೆ ಎಂದು ನಂಬಿದ್ದಳು. ಆರು ವರ್ಷದಲ್ಲಿ ಸಾವಿರಾರು ಅರ್ಜಿಗಳಿಗೆ ಹಾಗೆಯೇ ಒಂದೊಂದು ಗುರುತು ಹಾಕಿ ಕಳಿಸಿದ್ದಳು.

ಕಚೇರಿ ವಕೀಲರನ್ನು ನೇಮಿಸಿತು. ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ದಾಖಲಾಯಿತು. ರಾಜಿಯಾಗುವ ಪ್ರಕರಣ ಎಂದು ಕಂಡದ್ದರಿಂದ ಅದನ್ನು ಲೋಕ ಅದಾಲತ್ತಿಗೆ ಕಳಿಸಿದರು. ಅದಾಲತ್ತಿಗೆ ಮುಂಚೆ ಒಂದು ದಿನ ಎರಡೂ ಕಡೆಯವರನ್ನು ಸಣ್ಣ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರು. ನಾಲ್ಕು ಕುರ್ಚಿ, ಒಂದು ಕಿಟಕಿ, ಬಾಗಿಲು ಮುಚ್ಚಿತ್ತು. ಅಳಿಯ ಕೆಟ್ಟವನಲ್ಲ. ತಿಂಗಳ ಮೊದಲ ಭಾನುವಾರ ಮಗುವನ್ನು ಅಜ್ಜಿಯ ಮನೆಗೆ ತಂದು ಬಿಡುತ್ತೇನೆ ಎಂದ. ಮಗ್ಗದಮ್ಮ ಅವನ ಎರಡೂ ಕೈ ಹಿಡಿದುಕೊಂಡಳು. ಅಂದು ಇವಳು ಮೆಟ್ಟಿಲು ಹತ್ತಿ ಬಂದು, “ಹಾಲು ಕುಡಿದಷ್ಟು ಸಂತೋಷ ಆಯ್ತು ಕಣೇ” ಎಂದು ನನ್ನ ಮೇಜಿನ ಮೇಲೆಯೇ ಕೂತಿದ್ದಳು.

ಅದಾಲತ್ತಿನ ದಿನದ ಹಜಾರ ನೋಡದವರಿಗೆ ಹೇಳುವುದು ಕಷ್ಟ. ಒಂದೇ ಹಜಾರದಲ್ಲಿ ಐದು ಮೇಜು. ಪ್ರತಿ ಮೇಜಿಗೂ ಒಬ್ಬ ನ್ಯಾಯಾಧೀಶರು, ಪಕ್ಕದಲ್ಲಿ ಒಬ್ಬ ಸಂಧಾನಕಾರರು. ಕೂಗುವ ಜವಾನ, ಗರಗರ ತಿರುಗುವ ಫ್ಯಾನು, ಅಳುವ ಮಕ್ಕಳು, ಒಬ್ಬರ ಬೆನ್ನಿಗೆ ಒಬ್ಬರು. ಅಲ್ಲಿ ಯಾರೂ ಯಾರ ಮೇಲೂ ತೀರ್ಪು ಹೇರುವಂತಿಲ್ಲ. ಎರಡೂ ಕಡೆಯವರು ಒಪ್ಪಬೇಕು. ಒಪ್ಪದಿದ್ದರೆ ಪ್ರಕರಣ ಬಂದ ಕೋರ್ಟಿಗೇ ವಾಪಸ್ಸು ಹೋಗುತ್ತದೆ, ನಷ್ಟವೇನಿಲ್ಲ. ಆದರೆ ಒಪ್ಪಿ ಸಹಿ ಹಾಕಿದರೆ ಅದು ಕೋರ್ಟಿನ ಡಿಕ್ರಿಯಷ್ಟೇ ಗಟ್ಟಿ. ಅದರ ಮೇಲೆ ಅಪೀಲಿಲ್ಲ. ಇಡೀ ವ್ಯವಸ್ಥೆ ನಿಂತಿರುವುದು ಆ ಒಂದು ಒಪ್ಪಿಗೆಯ ಮೇಲೆ.

ಅಂದು ಬೆಳಿಗ್ಗೆ ಅಳಿಯನ ವಕೀಲರು ಬದಲಾದ ಷರತ್ತುಗಳನ್ನು ತಂದರು. ಅವನಿಗೆ ದೂರದ ಊರಿನ ಡಿಪೋಗೆ ವರ್ಗವಾಗಿತ್ತು. ತಿಂಗಳ ಭಾನುವಾರ ಆಗದು. ಶಾಲೆಯ ರಜೆಯಲ್ಲಿ, ಮೊದಲೇ ತಿಳಿಸಿ, ತಂದೆಯ ಅನುಕೂಲ ನೋಡಿಕೊಂಡು, ಅಜ್ಜಿಯೇ ಅಲ್ಲಿಗೆ ಹೋಗಿ ಮಗುವನ್ನು ಕಾಣಬಹುದು. ಮಗ್ಗದಮ್ಮನ ವಕೀಲರು ಇನ್ನೊಂದು ಮೇಜಿನಲ್ಲಿ ಬೇರೊಂದು ಪ್ರಕರಣದಲ್ಲಿದ್ದರು. “ಅಕ್ಕಾ, ಬದಲಾದದ್ದನ್ನ ಅವ್ರಿಗೊಂದ್ಸಲ ಓದಿ ಹೇಳ್ಬಿಡಿ, ಒಪ್ಪಿದ್ರೆ ಬಂದು ಸಹಿ ಮಾಡ್ತೀನಿ” ಎಂದು ಹೋದರು.

ಇವಳು ಓದಿದಳು. ನಿಧಾನವಾಗಿ, ಸ್ಪಷ್ಟವಾಗಿ, ಟೈಪಿಸ್ಟಿನ ಕಣ್ಣಿನಿಂದ, ಒಂದು ಅಕ್ಷರವೂ ತಪ್ಪದಂತೆ, ಕಾಗದ ನೋಡಿಕೊಂಡು ಓದಿದಳು. ಮುಗಿಸಿ ತಲೆ ಎತ್ತಿ, “ಒಪ್ಪಿಗೆನಾಮ್ಮಾ?” ಎಂದಳು.

ಮಗ್ಗದಮ್ಮ ಗೋಣು ಆಡಿಸಿದಳು.

ನ್ಯಾಯಾಧೀಶರೂ ಕೇಳಿದರು, ಅವರ ಕಣ್ಣೂ ಕಾಗದದ ಮೇಲೆ. “ಸ್ವಇಚ್ಛೆಯಿಂದ ಒಪ್ಪಿದ್ದೀರಾ?” ಮತ್ತೆ ಗೋಣು. ಓದಲು ಬಾರದ ಮಗ್ಗದಮ್ಮ ಕಲಿತಿದ್ದ ಮೂರಕ್ಷರದ ಸಹಿ ಹಾಕಿ, ನಕ್ಕು, ಎಲ್ಲರಿಗೂ ಕೈ ಮುಗಿದು ಹೋದಳು.

ಮುಂದಿನ ತಿಂಗಳ ಮೊದಲ ಸೋಮವಾರ ಕಚೇರಿ ತೆರೆಯುವ ಮುಂಚೆಯೇ ಅವಳು ಬೆಂಚಿನ ಮೇಲಿದ್ದಳು. ಕೈಯಲ್ಲಿ ಒಂದು ಪೊಟ್ಟಣ. ಭಾನುವಾರ ಬೆಳಿಗ್ಗೆ ಏಳರಿಂದ ಸಂಜೆಯವರೆಗೂ ಬಾಗಿಲಲ್ಲಿ ಕೂತಿದ್ದಳಂತೆ. ಮಗು ಬರಲಿಲ್ಲ. ಅಳಿಯನ ಮನೆ ಹುಡುಕಿ ಹೋದರೆ ಬೀಗ.

“ಅಮ್ಮಾ, ಅದು ಬದಲಾಯ್ತಲ್ಲ, ನಿಮ್ಗೆ ಓದಿ ಹೇಳಿದ್ನಲ್ಲ” ಎಂದು ಇವಳು ಕಡತ ಹುಡುಕುತ್ತ, ಬೀರುವಿನ ಕಡೆ ಮುಖ ಮಾಡಿಕೊಂಡೇ ಹೇಳಿದಳು. ಉತ್ತರ ಬರಲಿಲ್ಲ. ತಿರುಗಿ ನೋಡಿದಳು. ಮಗ್ಗದಮ್ಮ ನಗುಮುಖದಿಂದ ಗೋಣು ಆಡಿಸುತ್ತಿದ್ದಳು.

ಇವಳು ಮತ್ತೆ ಬೀರುವಿನ ಕಡೆ ತಿರುಗಿ, ಅದೇ ದನಿಯಲ್ಲಿ, “ಇವತ್ತು ನನ್ನ ಮೇಜಿಗೆ ಬೆಂಕಿ ಬಿದ್ದಿದೆ” ಎಂದಳು. ತಿರುಗಿದಳು. ಅದೇ ನಗು, ಅದೇ ಗೋಣು.

ಮೂವತ್ತು ವರ್ಷ ಮಗ್ಗಗಳ ನಡುವೆ ನಿಂತ ಕಿವಿ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಶೆಡ್ಡಿನಲ್ಲಿ ಎಲ್ಲರೂ ಹಾಗೆಯೇ. ತುಟಿ ಕಾಣದಿದ್ದರೆ ಗೋಣು ಆಡಿಸುವುದು, ಮೇಸ್ತ್ರಿಯ ಎದುರು ಕಲಿತ ಅಭ್ಯಾಸ. ಮನೆಯಲ್ಲಿ ಮಗಳೇ ಅವಳ ಕಿವಿಯಾಗಿದ್ದಳು. ಬಂದವರ ಮಾತನ್ನೆಲ್ಲ ಅಮ್ಮನ ಕಡೆ ತಿರುಗಿ ಇನ್ನೊಮ್ಮೆ ಹೇಳುತ್ತಿದ್ದಳು. ಆ ದೊಡ್ಡ ದನಿಯನ್ನು ನಾವೆಲ್ಲ ಮಗ್ಗದವರ ರೂಢಿ ಎಂದುಕೊಂಡು ನಕ್ಕಿದ್ದೆವು. ಅರ್ಜಿಯ ಪಟ್ಟಿಯಲ್ಲಿ ‘ಅಂಗವಿಕಲರು’ ಎಂದು ಅದನ್ನು ಕೇಳುವ ಸಾಲಿತ್ತು. ಅಲ್ಲಿ ಗುರುತು ಬಿದ್ದಿದ್ದರೆ ಹಜಾರದಲ್ಲಲ್ಲ, ಬಾಗಿಲು ಮುಚ್ಚಿದ ಕೋಣೆಯಲ್ಲಿ, ಮುಖಕ್ಕೆ ಮುಖ ಕೊಟ್ಟು ಕೂರಿಸುತ್ತಿದ್ದರು.

ಅಂದು ಇವಳು ಮಾಡಿದ್ದೇನು? ಎದುರಿಗೆ ಕೂತು, “ಸ್ವಲ್ಪ ತಡೀರಿ, ವಿಚಾರಿಸ್ತೀನಿ” ಎಂದು ಮಗ್ಗದಮ್ಮನನ್ನು ಕಳಿಸಿಬಿಟ್ಟಳು. ಐದು ವಾರ ಯಾರಿಗೂ ಹೇಳಲಿಲ್ಲ. ನನಗೂ. ಇದನ್ನು ಬರೆಯಲು ನನ್ನ ಕೈ ಹಿಂಜರಿಯುತ್ತದೆ, ಆದರೆ ಅವಳೇ ಎಣಿಸಿ ಇಟ್ಟುಕೊಂಡ ಐದು ವಾರ ಅದು.

ಆ ದಿನಗಳಲ್ಲಿ ಅವಳ ಜೊತೆ ಬಸ್ಸಿನಲ್ಲಿ ಬರುವುದೇ ಕಷ್ಟವಾಗಿತ್ತು. ಕಂಡಕ್ಟರನ ಮಾತಿಗೆ ಯಾರೋ ಮುದುಕ ತಲೆಯಾಡಿಸಿದರೆ ಬೆಚ್ಚಿ ನೋಡುತ್ತಿದ್ದಳು. “ಅವ್ನಿಗೆ ಕೇಳಿಸ್ತಾ?” ಎಂದು ನನ್ನ ತೋಳು ಹಿಡಿಯುತ್ತಿದ್ದಳು. ಒಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ನಾನು ಒಲೆ ಕಡೆ ತಿರುಗಿ ಏನೋ ಹರಟುತ್ತಿದ್ದೆ. ಸದ್ದಿಲ್ಲ ಎಂದು ತಿರುಗಿದರೆ ಗೋಡೆಗೊರಗಿ ಅಳುತ್ತಿದ್ದಳು.

“ಎಷ್ಟು ಜನ ಇರ್ಬೋದೇ? ಆರು ವರ್ಷದಲ್ಲಿ ನಾನು ಓದಿದ್ದಕ್ಕೆಲ್ಲ ಗೋಣು ಆಡಿಸ್ದೋರು? ಅವ್ರೆಲ್ಲ ಸಾಲಾಗಿ ನಿಂತ್ಕೊಂಡು ಹೂಂ ಹೂಂ ಅಂತಿದಾರೆ. ಕಣ್ಣು ಮುಚ್ಚಿದ್ರೂ ನಿಲ್ಸಲ್ಲ.”

ಆಗ ಎಲ್ಲ ಹೇಳಿದಳು.

“ನಾಳೆನೇ ಕಾರ್ಯದರ್ಶಿಗಳಿಗೆ ಹೇಳು” ಎಂದೆ.

“ಸ್ವಯಂಸೇವಕರ ಪಟ್ಟಿಯಿಂದ ನನ್ನ ತೆಗೀತಾರೆ.”

“ತೆಗೀಲಿ.”

“ಆ ಮೇಜು ಬಿಟ್ರೆ ನಂಗೇನಿದೆಯೇ?” ಎಂದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಹೋಗಿ ಹನ್ನೆರಡು ವರ್ಷವಾಗಿತ್ತು. ಮಾರನೆಯ ದಿನ ಅವಳೇ ಹೋದಳು.

ಕಾನೂನು ನೆರವು ಕಚೇರಿಯ ಕಾರ್ಯದರ್ಶಿಗಳು ಸ್ವತಃ ನ್ಯಾಯಾಧೀಶರು. ಎಲ್ಲ ಕೇಳಿ, ಮಗ್ಗದಮ್ಮನ ವಕೀಲರನ್ನು ಕರೆಸಿದರು. ವಕೀಲರ ಮುಖವೂ ಬಿಳಿಚಿತು; ಬೇರೆ ಮೇಜಿಗೆ ಹೋಗಿದ್ದವರು ಅವರೇ ತಾನೆ. ದಾರಿ ಎರಡಿತ್ತು. ಅದಾಲತ್ತಿನ ತೀರ್ಪಿಗೆ ಅಪೀಲಿಲ್ಲ, ಆದರೆ ನಿಜವಾದ ಒಪ್ಪಿಗೆಯೇ ಇರಲಿಲ್ಲ ಎಂದು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ಅಲ್ಲಿಯೂ ಉಚಿತ ವಕೀಲರು ಸಿಗುತ್ತಾರೆ. ಇನ್ನೊಂದು, ಮಗುವಿನ ಭೇಟಿಯ ವಿಷಯ ಎಂದೂ ಕಲ್ಲಿನ ಮೇಲೆ ಕೊರೆದದ್ದಲ್ಲ. ಮಗುವಿನ ಹಿತಕ್ಕೆ ಬೇಕೆಂದರೆ ಕೌಟುಂಬಿಕ ನ್ಯಾಯಾಲಯ ಅದನ್ನು ಬದಲಿಸಬಹುದು. ಎರಡನೆಯದು ಹತ್ತಿರದ ದಾರಿ ಎಂದು ವಕೀಲರು ಅದನ್ನೇ ಹಿಡಿದರು. ಆದರೆ ಮೊದಲು ಯಾಕೆ ಒಪ್ಪಿದಿರಿ ಎಂದು ಕೋರ್ಟು ಕೇಳುತ್ತದೆ. ಅದಕ್ಕೆ ಇವಳ ಪ್ರಮಾಣಪತ್ರ ಬೇಕಿತ್ತು.

ತನ್ನ ಪ್ರಮಾಣಪತ್ರವನ್ನು ತಾನೇ ಟೈಪು ಮಾಡಿದಳು. ನಾನು ಓದಿದ್ದೇನೆ. ಎರಡೇ ಪುಟ. ‘ಷರತ್ತುಗಳನ್ನು ನಾನು ಕಾಗದ ನೋಡಿಕೊಂಡು ಓದಿದೆ. ಅರ್ಜಿದಾರರ ಮುಖ ನೋಡಲಿಲ್ಲ. ಅವರಿಗೆ ಕಿವಿ ಕೇಳುವುದಿಲ್ಲವೆಂದು ತಿಳಿದ ಮೇಲೂ ಐದು ವಾರ ಸುಮ್ಮನಿದ್ದೆ.’ ಕೊನೆಯ ವಾಕ್ಯ ಬೇಡ, ಪ್ರಕರಣಕ್ಕೆ ಅದು ಬೇಕಿಲ್ಲ ಎಂದರು ವಕೀಲರು. “ಇರ್ಲಿ ಬಿಡಿ” ಎಂದಳು.

ಅದಕ್ಕಿಂತ ಕಷ್ಟದ್ದು ಮಗ್ಗದಮ್ಮನಿಗೆ ಹೇಳುವುದು. ಎದುರು ಕೂತು, ತುಟಿ ಕಾಣುವಂತೆ ಎಲ್ಲ ಹೇಳಿದಳು. ಮಗ್ಗದಮ್ಮ ಗೋಣು ಆಡಿಸಲಿಲ್ಲ. “ನಂಗೆ ಕೇಳಿಸ್ಲಿಲ್ಲ ಅಂತ ನಾನೂ ಬಾಯಿ ಬಿಡ್ಬೇಕಿತ್ತು. ಅಷ್ಟು ಜನದ ಮುಂದೆ ನಾಚಿಕೆ ಆಯ್ತು” ಎಂದಳು. ಎದ್ದು ನಿಂತ ಮೇಲೆ ತಿರುಗಿ, “ಐದು ವಾರಾನಾ?” ಎಂದು ಕೇಳಿ ಹೋದಳು.

ಅಳಿಯನ ಹೊಸ ವಿಳಾಸಕ್ಕೆ ನೋಟಿಸು ಮುಟ್ಟಲು ಮೂರು ತಿಂಗಳು. ಆಮೇಲೆ ಅವನಿಗೆ ರಜೆಯಿಲ್ಲ, ಒಮ್ಮೆ ನ್ಯಾಯಾಧೀಶರೇ ರಜೆ. ಕೊನೆಗೆ ಕೋರ್ಟು ಮತ್ತೆ ಇಬ್ಬರನ್ನೂ ಸಂಧಾನದ ಕೋಣೆಗೆ ಕಳಿಸಿತು. ಈ ಸಲ ಮಗ್ಗದಮ್ಮನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿದರು. ಬೆಳಕು ಮಾತಾಡುವವರ ಮುಖದ ಮೇಲೆ ಬೀಳಲೆಂದು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಬೇಕೆಂದು ಸಂಧಾನಕಾರರು ಮೊದಲೇ ಹೇಳಿದರು.

ಅಳಿಯ ಮುಖ ಎತ್ತಿ, “ಅತ್ತೆಗೆ ಕೇಳ್ಸಲ್ಲ ಅಂತ ನಂಗೊತ್ತಿತ್ತು. ಅವತ್ತು ಅವ್ರು ತಲೆ ಆಡಿಸಿದ್ರು, ನಂಗೆ ಅನುಕೂಲ ಆಯ್ತು, ಸುಮ್ನಾದೆ” ಎಂದನಂತೆ.

ಅವನಿಗೆ ಆ ಊರಿನಿಂದ ಬರುವ ಬಸ್ಸಿಗೆ ನೌಕರರ ಪಾಸು ಇತ್ತು; ತಿಂಗಳ ಮೊದಲ ಭಾನುವಾರ ಮಗುವನ್ನು ಕರೆತರಲು ಒಪ್ಪಿದ. ಹನ್ನೊಂದರಿಂದ ನಾಲ್ಕರವರೆಗೆ ಮಗು ಅಜ್ಜಿಯ ಹತ್ತಿರ. ಸಂಧಾನಕಾರರು ಮಗ್ಗದಮ್ಮನಿಗೆ, “ಏನು ಒಪ್ಕೊಂಡ್ರಿ ಅಂತ ನಿಮ್ಮ ಮಾತಲ್ಲೇ ಹೇಳಿ” ಎಂದರು. ಅವಳು ತನ್ನ ದೊಡ್ಡ ದನಿಯಲ್ಲಿ ಹೇಳಿದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಇವಳಿಗೂ, ಪಕ್ಕದಲ್ಲಿದ್ದ ನನಗೂ ಪ್ರತಿ ಮಾತೂ ಕೇಳಿಸಿತು. ಕೋರ್ಟು ಅದರಂತೆ ಆದೇಶ ಮಾಡಿತು. ಗೋಣು ಆಡಿಸಿದ ದಿನದಿಂದ ಎಣಿಸಿದರೆ ಹನ್ನೊಂದು ತಿಂಗಳು.

ಮೊದಲ ಭೇಟಿ ಕೋರ್ಟಿನ ಮಕ್ಕಳ ಕೋಣೆಯಲ್ಲಿ ಆಗಲೆಂದು ಆದೇಶದಲ್ಲೇ ಇತ್ತು. ಕೋಣೆ ತೆರೆಯಲು ಇವಳು ಹೋಗಿದ್ದಳು, ಬಾಗಿಲ ಗಾಜಿನಿಂದ ನೋಡಿದಳು. ಹುಡುಗಿ ಎತ್ತರವಾಗಿತ್ತು. ಮೊದಲೆಲ್ಲ ಅಮ್ಮನನ್ನು ನೋಡಿ ಕಲಿತು ಅಜ್ಜಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮಾತಾಡುತ್ತಿತ್ತಂತೆ. ಅಂದು ನೆಲ ನೋಡುತ್ತ, ಬಳೆ ತಿರುಗಿಸುತ್ತ ಏನೋ ಹೇಳುತ್ತಿತ್ತು. ಮಗ್ಗದಮ್ಮ ಬಗ್ಗಿ ಬಗ್ಗಿ ಆ ಬಾಯಿ ನೋಡಲು ಯತ್ನಿಸಿದಳು. ಆಗಲಿಲ್ಲ. ಕೊನೆಗೆ ಸುಮ್ಮನೆ ಕೂತು, ನಗುತ್ತ, ಗೋಣು ಆಡಿಸತೊಡಗಿದಳು.

ನಾಲ್ಕು ಗಂಟೆಗೆ ಹೊರಬಂದು ಇವಳ ಎದುರು ನಿಂತಳು. ಅದುವರೆಗೆ ‘ಮೇಡಮ್, ನೀವು’ ಎನ್ನುತ್ತಿದ್ದವಳು, “ಹನ್ನೊಂದು ತಿಂಗಳು. ವಾಪಸ್ ಕೊಡ್ತೀಯಾ ನೀನು?” ಎಂದಳು.

ಆ ಪ್ರಶ್ನೆ ಇವಳನ್ನು ಬಿಡಲಿಲ್ಲ. ಕಚೇರಿ ಅವಳನ್ನು ಪಟ್ಟಿಯಿಂದ ತೆಗೆಯಲಿಲ್ಲ. ಎಚ್ಚರಿಕೆ ಕೊಟ್ಟು ಇಟ್ಟುಕೊಂಡಿತು. ಅದೇ ಅವಳಿಗೆ ಭಾರವಾಯಿತು. ಅಂದಿನಿಂದ ಒಂದು ಗುರುತಿಗೆ ನಿಲ್ಲಿಸಲಿಲ್ಲ. ಇಡೀ ಪಟ್ಟಿ ಕೇಳುತ್ತಿದ್ದಳು: ಕಿವಿ ಕೇಳತ್ತಾ, ಕಣ್ಣು ಕಾಣತ್ತಾ, ಈ ಭಾಷೆ ತಿಳಿಯತ್ತಾ? ಯಾವ ಕಾಗದ ಓದಿದರೂ, “ಈಗ ನೀವು ಹೇಳಿ, ನಾನೇನಂದೆ?” ಎಂದು ಹೇಳಿಸದೆ ಬಿಡುತ್ತಿರಲಿಲ್ಲ. ಅವಳ ಮೇಜಿನ ಸಾಲು ಉದ್ದವಾಯಿತು. “ಗುಂಡುಪಿನ್ನಕ್ಕನ ಹತ್ರ ಹೋದ್ರೆ ನಮಸ್ಕಾರಕ್ಕೂ ಅರ್ಥ ಬಿಡಿಸಿ ಹೇಳ್ಬೇಕು” ಎಂದು ಗುಮಾಸ್ತರು ಗೊಣಗಿದರು. ಮೇಲಿನವರೂ ಸಂಖ್ಯೆ ಕಡಿಮೆಯಾಯಿತು ಎಂದರು. ಅವಳು ಕೇಳಿಸಿಕೊಳ್ಳಲಿಲ್ಲ.

ನಾನು ಒಮ್ಮೆ ಸಿಟ್ಟಾಗಿ, “ಎಷ್ಟು ದಿನ ಅಂತ ಬಡ್ಕೋತೀಯಾ? ಆ ಮಗು ಈಗ ಬರ್ತಿದೆಯಲ್ಲ” ಎಂದೆ. “ಬರ್ತಿದೆ. ಮುಖ ಎತ್ತಿ ಮಾತಾಡಕ್ಕೆ ಅದಕ್ಕೆ ಒಂದು ವರ್ಷ ಬೇಕಾಯ್ತು. ಅಷ್ಟ್ರಲ್ಲಿ ಹಾಲುಹಲ್ಲು ಬಿದ್ದು ಬಾಯಿ ಬದಲಾಗಿತ್ತು” ಎಂದಳು.

ಅವಳು ಹೋದದ್ದು ಒಂದು ಶನಿವಾರ ಮಧ್ಯಾಹ್ನ, ಊಟ ಮಾಡಿ ಮಲಗಿದಲ್ಲೇ. ಮರುದಿನ ಬೆಳಿಗ್ಗೆ ಅವಳ ಮನೆಯಲ್ಲಿ ಜನ ಸೇರಿದ್ದರು. ವಕೀಲರು, ಗುಮಾಸ್ತರು, ಹೆಸರು ಗೊತ್ತಿಲ್ಲದ ಎಷ್ಟೋ ಜನ. ಒಂಬತ್ತೂವರೆಗೆ ಬಾಗಿಲಲ್ಲಿ ಮಗ್ಗದಮ್ಮ ಕಂಡಳು. ಒಗೆದ ಸೀರೆ, ಬಾಚಿದ ತಲೆ. ನೇರ ನನ್ನ ಎದುರಿಗೆ ಬಂದು ನಿಂತಳು.

“ಹೆಂಗಾಯ್ತು?”

ಬೆಳಿಗ್ಗೆಯಿಂದ ಅದನ್ನು ಇಪ್ಪತ್ತು ಜನಕ್ಕೆ ನೆಲ ನೋಡುತ್ತ ಹೇಳಿದ್ದೆ. ಮಗ್ಗದಮ್ಮನಿಗೆ ಹಾಗೆ ಹೇಳುವಂತಿರಲಿಲ್ಲ. ಅತ್ತು ಊದಿದ ಮುಖ ಎತ್ತಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಅವಳು ನನ್ನ ಬಾಯಿಯಿಂದ ಕಣ್ಣು ತೆಗೆಯಲಿಲ್ಲ.

ಆಮೇಲೆ ಒಳಗೆ ಹೋಗಿ ಗುಂಡುಪಿನ್ನಕ್ಕನನ್ನು ಮಲಗಿಸಿದ್ದ ಕಡೆ ನಿಂತಳು. ತನ್ನ ದನಿ ಎಷ್ಟು ದೊಡ್ಡದೆಂದು ಅವಳಿಗೆ ತಿಳಿಯದು, ಇಡೀ ಮನೆಗೆ ಕೇಳುವಂತೆ ಹೇಳಿದಳು: “ನಾನು ಅವತ್ತು ಅಂದಿದ್ದನ್ನ ವಾಪಸ್ ತಗೊಳ್ಳಲ್ಲ ಮೇಡಮ್. ಅದು ಅಂದಿದ್ದೇ. ಆದ್ರೆ ನನ್ನ ಮಗಳು ಹೋದ್ಮೇಲೆ ನನ್ನ ಮುಖ ನೋಡಿ ಮಾತಾಡ್ದೋರು ನೀವೊಬ್ರೇ.”

ಯಾರೋ ಅವಳಿಗೆ ಕುರ್ಚಿ ತಂದರು. ಕೂರಲಿಲ್ಲ. ಗೋಡೆಯ ಗಡಿಯಾರ ನೋಡಿದಳು.

“ಹೊರಡ್ತೀನಿ. ಇವತ್ತು ಮೊದಲ್ನೇ ಭಾನುವಾರ. ಹನ್ನೊಂದಕ್ಕೆ ಮಗು ಬರತ್ತೆ.”

ಹೆಣ ಎತ್ತುವ ಮುಂಚೆ ಹೊರಟಳಲ್ಲ ಎಂದು ಒಬ್ಬರು ಪಿಸುಗುಟ್ಟಿದರು. ನಾನು ಅವಳ ಜೊತೆ ಬೀದಿಯ ತುದಿಯವರೆಗೂ ಹೋದೆ. ಬಸ್ಸು ತಡವಾದೀತು ಎಂದು ಆಟೋ ನಿಲ್ಲಿಸಿದೆ. ಅವಳ ಬೀದಿಯ ಗುರುತನ್ನು ಚಾಲಕನಿಗೆ ಎರಡು ಸಲ ಹೇಳಿ, ಅವನಿಂದಲೂ ಹೇಳಿಸಿದೆ.